ಕೋರ್ಸ್ ಉಚಿತ, ಸರ್ಟಿಫಿಕೇಟ್‌ಗೆ ಬೆಲೆ ಇದೆಯೇ?

ಬೀದರ್ ನಗರಕ್ಕೆ ಹೊಂದಿಕೊಂಡಿರುವ ಕೊಳಾರದಿಂದ ಓರ್ವ ತಾಯಿ ಈ ಅಂಕಣಕ್ಕೆ ಬರೆದಿದ್ದಾರೆ. ಅವರ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ಮೊಬೈಲ್‌ನಲ್ಲಿ ಬಂದ ಒಂದು ಜಾಹೀರಾತಿನಲ್ಲಿ 'ಮೂರು ತಿಂಗಳಲ್ಲಿ ಪೈಥಾನ್ ಕಲಿಯಿರಿ, ಸರ್ಟಿಫಿಕೇಟ್ ಪಡೆಯಿರಿ, ಉದ್ಯೋಗ ಗ್ಯಾರಂಟಿ' ಎಂದಿದೆಯಂತೆ. ಶುಲ್ಕ 18,000 ರೂಪಾಯಿ. ಅದೇ ಸಮಯಕ್ಕೆ ಕಾಲೇಜಿನಲ್ಲಿ ಅಧ್ಯಾಪಕರೊಬ್ಬರು, ಐಐಟಿಯವರದೇ ಉಚಿತ ಕೋರ್ಸ್ ಇದೆ, ಅದನ್ನು ಮಾಡು ಎಂದಿದ್ದಾರೆ. "ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ತೆಗೆದು ಕೊಡಬೇಕು. ಉಚಿತವಾಗಿ ಸಿಗುವುದರಿಂದ ಪ್ರಯೋಜನವಿದೆಯೇ, ಹಣ ಕೊಟ್ಟದ್ದೇ ಒಳ್ಳೆಯದೇ? ಆ ಸರ್ಟಿಫಿಕೇಟ್ ತೋರಿಸಿದರೆ ಯಾರಾದರೂ ಕೆಲಸ ಕೊಡುತ್ತಾರೆಯೇ?" ಎಂಬುದು ಅವರ ಪ್ರಶ್ನೆ.

ಜಾಹೀರಾತಿನ ಸಂಸ್ಥೆಯ ಬಗ್ಗೆ ಹೇಳುವಷ್ಟು ಮಾಹಿತಿ ಪತ್ರದಲ್ಲಿ ಇಲ್ಲ. ಆದರೆ ಅಧ್ಯಾಪಕರು ಹೇಳಿದ ಉಚಿತ ಕೋರ್ಸ್‌ನ ನಿಯಮಗಳೆಲ್ಲ ಬಹಿರಂಗವಾಗಿವೆ. ಅದನ್ನು ತೂಗಿ ನೋಡಿದರೆ ಹಣ ಕೇಳುವ ಕೋರ್ಸನ್ನು ತೂಗುವ ಬಗೆಯೂ ತಾನಾಗಿ ತಿಳಿಯುತ್ತದೆ. ಆದ್ದರಿಂದ ಈ ಸಲ ಒಂದೇ ಕೋರ್ಸನ್ನು ತೆಗೆದುಕೊಂಡು ಅದರ ಬೆಲೆ, ವೇಗ, ಅಸೈನ್‌ಮೆಂಟ್, ಸರ್ಟಿಫಿಕೇಟ್ ಇವಿಷ್ಟನ್ನೂ ನೋಡೋಣ.

ಯಾವುದು ಈ ಕೋರ್ಸ್?

ಎನ್‌ಪಿಟಿಇಎಲ್ ಎಂಬುದು ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ. ಮೊದಲು ಅದು ಪಾಠಗಳ ವಿಡಿಯೋಗಳನ್ನು ಮಾತ್ರ ಕೊಡುತ್ತಿತ್ತು. 2014ರಿಂದ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವುದು ಆರಂಭವಾಯಿತು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ಬಂದ ನಂತರ ಈ ಕೋರ್ಸ್‌ಗಳು ಅದರ ಭಾಗವಾಗಿವೆ. ಹೆಸರು ನೋಂದಾಯಿಸುವ ವಿಳಾಸ onlinecourses.nptel.ac.in.

ಪೈಥಾನ್ ಕಲಿಯಲು ಇದರಲ್ಲಿ ಒಂದಕ್ಕಿಂತ ಹೆಚ್ಚು ಕೋರ್ಸ್‌ಗಳಿವೆ. ಪ್ರೋಗ್ರಾಂ ಬರೆದು ಗೊತ್ತೇ ಇಲ್ಲದವರಿಗೆಂದು ಮಾಡಿದ್ದು 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್'. ಐಐಟಿ ರೋಪರ್‌ನ ಪ್ರೊ. ಸುದರ್ಶನ್ ಅಯ್ಯಂಗಾರ್ ಇದರ ಮುಖ್ಯ ಬೋಧಕರು. 12 ವಾರಗಳ ಕೋರ್ಸ್. ಹೆಸರಿನಲ್ಲಿ ಪೈಥಾನ್ ಇರುವ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರೊ. ಮಾಧವನ್ ಮುಕುಂದ್ ಅವರ ಇನ್ನೊಂದು ಕೋರ್ಸ್ ಇದೆ. ಅದು 8 ವಾರಗಳದ್ದು, ಒಳ್ಳೆಯದೇ. ಆದರೆ ಅದು ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಎಂದು ಬೇಗ ಆಳಕ್ಕೆ ಇಳಿಯುತ್ತದೆ. ವಾರಗಳು ಕಡಿಮೆ ಎಂದು ಹೊಸಬರು ಅದನ್ನು ಆರಿಸಿಕೊಂಡರೆ ಮೂರನೇ ವಾರಕ್ಕೆ ಕೈಬಿಡುವ ಸಾಧ್ಯತೆಯೇ ಹೆಚ್ಚು. ನಮ್ಮ ಕೊಳಾರದ ಹುಡುಗಿಗೆ ಮೊದಲನೆಯದೇ ಸರಿ.

ಬೆಲೆಯ ಲೆಕ್ಕ

ಕೋರ್ಸ್‌ಗೆ ಹೆಸರು ಕೊಡಲು, ಪಾಠ ನೋಡಲು, ಅಸೈನ್‌ಮೆಂಟ್ ಬರೆಯಲು ಒಂದು ಪೈಸೆಯೂ ಇಲ್ಲ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಅದರ ಶುಲ್ಕ ಒಂದು ಕೋರ್ಸ್‌ಗೆ 1,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ರಿಯಾಯಿತಿ ಇದೆ.

ಇಲ್ಲಿ ಗಮನಿಸಬೇಕಾದ ಒಂದು ಅನುಕೂಲವಿದೆ. ಪರೀಕ್ಷೆಗೆ ಹಣ ಕಟ್ಟುವ ಕೊನೆಯ ದಿನ ಬರುವುದು ಕೋರ್ಸ್ ಆರಂಭವಾಗಿ ಕೆಲವು ವಾರಗಳಾದ ಮೇಲೆ. ಅಂದರೆ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿಸಿ, ಮುಟ್ಟಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹಣ ಕೊಡುವ ಹಾಗೆ. ಮೂರು ವಾರದ ಪಾಠ ನೋಡಿ, ಮೂರು ಅಸೈನ್‌ಮೆಂಟ್ ಮಾಡಿ, ಹುಡುಗಿಗೆ ಅದು ಹಿಡಿಸಿತೇ, ಮನೆಯಲ್ಲಿ ಸಮಯ ಸಿಗುತ್ತಿದೆಯೇ ಎಂದು ತಿಳಿದ ನಂತರ ಸಾವಿರ ರೂಪಾಯಿ ಕಟ್ಟಿದರಾಯಿತು. ಬೇಡವೆನಿಸಿದರೆ ಬಿಡಬಹುದು, ನಷ್ಟವೇನಿಲ್ಲ. ಜಾಹೀರಾತಿನ 18,000 ಮೊದಲೇ ಕಟ್ಟಬೇಕು. ನಡುವೆ ಬಿಟ್ಟರೆ ವಾಪಸು ಬರುತ್ತದೆಯೇ ಎಂದು ಅಲ್ಲಿ ಬರೆದಿರುವುದಿಲ್ಲ. ಕೇಳಿ ನೋಡಿ, ಉತ್ತರವನ್ನು ಬರವಣಿಗೆಯಲ್ಲಿಯೇ ಕೇಳಿ.

ಸಾವಿರದ ಜೊತೆಗೆ ಇನ್ನೊಂದು ಖರ್ಚೂ ಇದೆ. ಪರೀಕ್ಷೆಯನ್ನು ಮನೆಯಲ್ಲಿ ಕುಳಿತು ಬರೆಯುವಂತಿಲ್ಲ. ನಿಗದಿತ ಕೇಂದ್ರಕ್ಕೆ ಹೋಗಿ, ಅಸಲು ಗುರುತಿನ ಚೀಟಿ ತೋರಿಸಿ, ಮೇಲ್ವಿಚಾರಕರ ಎದುರು ಕಂಪ್ಯೂಟರ್‌ನಲ್ಲಿ ಮೂರು ಗಂಟೆ ಬರೆಯಬೇಕು. ಅರ್ಜಿ ತುಂಬುವಾಗ ಪರೀಕ್ಷಾ ನಗರಗಳ ಪಟ್ಟಿ ಕಾಣುತ್ತದೆ. ಆ ಸಲದ ಪಟ್ಟಿಯಲ್ಲಿ ಬೀದರ್ ಇದೆಯೇ ಎಂದು ಹಣ ಕಟ್ಟುವ ಮೊದಲು ನೋಡಬೇಕು. ಇಲ್ಲದಿದ್ದರೆ ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕಾಗುತ್ತದೆ. ಬೆಳಗಿನ ಅವಧಿ 9 ಗಂಟೆಗೆ, ಮಧ್ಯಾಹ್ನದ ಅವಧಿ 2 ಗಂಟೆಗೆ ಆರಂಭವಾಗುತ್ತದೆ. ಕಲಬುರಗಿ ನೂರು ಕಿಲೋಮೀಟರ್‌ಗಿಂತ ದೂರ. ಬೆಳಗಿನ ಅವಧಿ ಸಿಕ್ಕರೆ ಹಿಂದಿನ ರಾತ್ರಿಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯಬೇಕು. ಆಯ್ಕೆ ಇದ್ದರೆ ಮಧ್ಯಾಹ್ನದ್ದನ್ನು ಆರಿಸುವುದು ಲೇಸು. ಔರಾದ್ ಕಡೆಯ ಹಳ್ಳಿಗಳವರಿಗೆ ಪಯಣ ಇನ್ನೂ ಉದ್ದ. ನಮ್ಮ ಮನೆಗಳಲ್ಲಿ ಹುಡುಗಿಯ ಜೊತೆ ಅಬ್ಬಾ ಅಥವಾ ಅಣ್ಣ ಹೋಗುವುದು ರೂಢಿ. ಹಾಗಾಗಿ ಇಬ್ಬರ ಪ್ರಯಾಣದ ಖರ್ಚು, ಜೊತೆಗೆ ಹೋದವರ ಒಂದು ದಿನದ ದುಡಿಮೆ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಷ್ಟೆಲ್ಲ ಸೇರಿಸಿದರೂ 18,000ದ ಹತ್ತಿರಕ್ಕೆ ಬರುವುದಿಲ್ಲ.

ವೇಗ ಹೇಗಿದೆ?

ಪಾಠಗಳು ಚಿಕ್ಕ ಚಿಕ್ಕ ವಿಡಿಯೋಗಳು. ಮೊದಲಿಗೆ ಸ್ಕ್ರ್ಯಾಚ್ ಎಂಬ, ಮಕ್ಕಳು ಆಡುವಂತಹ ಬಣ್ಣದ ಬ್ಲಾಕ್‌ಗಳನ್ನು ಜೋಡಿಸುವ ತಂತ್ರಾಂಶದಿಂದ ಆರಂಭಿಸುತ್ತಾರೆ. ಆಮೇಲೆ ಪೈಥಾನ್‌ಗೆ ಬಂದು ವೇರಿಯಬಲ್, ಷರತ್ತು, ಲೂಪ್, ಲಿಸ್ಟ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಪ್ರತಿ ವಿಷಯಕ್ಕೂ ಒಂದು ಆಟ ಅಥವಾ ಒಗಟು ಇರುತ್ತದೆ. ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎನ್ನುವುದನ್ನು ಕೇಳಿದರೆ ನಂಬಿಕೆ ಬರುವುದಿಲ್ಲ. ಆ ಹುಟ್ಟುಹಬ್ಬದ ಒಗಟನ್ನು ಇಲ್ಲಿ ಪ್ರೋಗ್ರಾಂ ಬರೆದು ಪರೀಕ್ಷಿಸುತ್ತಾರೆ. ಲಾಟರಿ ಕೊಳ್ಳುತ್ತಾ ಹೋದವನ ಲಾಭ ನಷ್ಟವನ್ನು ಲೆಕ್ಕ ಹಾಕುವ ಪಾಠವೂ ಇದೆ. ಜೂಜು ಮನೆ ಮುರಿಯುತ್ತದೆ ಎಂದು ಹಿರಿಯರು ಹೇಳಿದ್ದನ್ನು ಹುಡುಗಿ ತಾನೇ ಬರೆದ ನಾಲ್ಕು ಸಾಲಿನ ಲೆಕ್ಕದಲ್ಲಿ ಕಾಣುತ್ತಾಳೆ.

ಹೊಸಬರು ವಾರಕ್ಕೆ ಆರೇಳು ಗಂಟೆ ಎತ್ತಿಡಬೇಕು. ಪಾಠ ನೋಡಲು ಎರಡೂವರೆ ಮೂರು ಗಂಟೆ, ಉಳಿದದ್ದು ಕೈಯಾರೆ ಬರೆದು ತಪ್ಪು ತಿದ್ದಲು. ಕೇವಲ ನೋಡುತ್ತಾ ಹೋದರೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಬರೆಯಲು ಕುಳಿತಾಗ ಒಂದು ಸಾಲೂ ಬರುವುದಿಲ್ಲ. ಇನ್ನೊಬ್ಬರು ರೊಟ್ಟಿ ತಟ್ಟುವುದನ್ನು ನೋಡಿ ರೊಟ್ಟಿ ಕಲಿತವರುಂಟೇ?

ಎರಡು ಅಡಚಣೆಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒಂದು, ಪಾಠ ಇಂಗ್ಲಿಷಿನಲ್ಲಿದೆ. ಭಾಷೆ ಸರಳ, ಮಾತಾಡಿದಂತೆಯೇ ಇದೆ. ಎನ್‌ಪಿಟಿಇಎಲ್‌ನ ಹಲವು ಕೋರ್ಸ್‌ಗಳ ಪಾಠಗಳಿಗೆ ಕನ್ನಡ ಅನುವಾದದ ಬರಹ ಸಿಗುತ್ತದೆ, ಹುಡುಕಿ ಇಟ್ಟುಕೊಳ್ಳಬಹುದು. ಆದರೆ ಅಸೈನ್‌ಮೆಂಟ್ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರುವುದರಿಂದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇಕೇ ಬೇಕು. ಎರಡು, ಕಂಪ್ಯೂಟರ್. ಮೊಬೈಲ್‌ನಲ್ಲಿ ವಿಡಿಯೋ ನೋಡಬಹುದು, ಪ್ರೋಗ್ರಾಂ ಬರೆಯುವುದು ಕಷ್ಟ. ಮೊದಲ ಕೆಲವು ವಾರ ಹೇಗೋ ನಡೆಯುತ್ತದೆ. ಕೊನೆಯ ವಾರಗಳಲ್ಲಿ ಚಿತ್ರ, ಭಾಷೆ, ಜಾಲಗಳ ಮೇಲೆ ಕೆಲಸ ಮಾಡುವ ಲೈಬ್ರರಿಗಳನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕಾಗುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೆರಡು ದಿನ ಕೂರಲು ಅನುಮತಿ ಕೇಳಿ ಪಡೆದುಕೊಂಡ ನಂತರವೇ ಆರಂಭಿಸಬೇಕು.

ಇನ್ನೊಂದು ಮಾತು. ಈ ವಿಡಿಯೋಗಳು ಕೆಲವು ವರ್ಷಗಳ ಹಿಂದೆ ತೆಗೆದವು. ಪೈಥಾನ್‌ನ ಮೂಲ ಪಾಠ ಹಳತಾಗಿಲ್ಲ. ಆದರೆ ಲೈಬ್ರರಿಗಳು ಬದಲಾಗುತ್ತಲೇ ಇರುತ್ತವೆ. ಬ್ರೌಸರ್ ತಾನಾಗಿ ಕೆಲಸ ಮಾಡುವಂತೆ ಮಾಡಲು ಹಿಂದೆ ಬಳಸುತ್ತಿದ್ದ find_element_by_xpath ಎಂಬ ಆಜ್ಞೆಯನ್ನು ಸೆಲೆನಿಯಂ ಲೈಬ್ರರಿಯ ಹೊಸ ಆವೃತ್ತಿಗಳಲ್ಲಿ ತೆಗೆದುಹಾಕಿದ್ದಾರೆ. ಹಳೆಯ ವಿಡಿಯೋ ನೋಡಿ ಹಾಗೆಯೇ ಬರೆದರೆ ದೋಷ ಬರುತ್ತದೆ. ಇಂತಹ ಕಡೆ ಹುಡುಗಿಯರು ತಮಗೇ ತಿಳಿಯಲಿಲ್ಲ ಎಂದು ಬೇಸರಪಟ್ಟು ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ. ಕೋರ್ಸ್‌ನ ಚರ್ಚಾ ಪುಟದಲ್ಲಿ ಕೇಳಿದರೆ ಹೊಸ ರೂಪ ಯಾವುದೆಂದು ಹೇಳುತ್ತಾರೆ.

ಅಸೈನ್‌ಮೆಂಟ್‌ನ ಒಳಗುಟ್ಟು

ಕೋರ್ಸ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅದರ ಅಸೈನ್‌ಮೆಂಟ್ ನೋಡಬೇಕು. ಇಲ್ಲಿ ಪ್ರತಿ ವಾರವೂ ಒಂದು ಅಸೈನ್‌ಮೆಂಟ್. ಸರಿ ಉತ್ತರ ಆರಿಸುವ ಪ್ರಶ್ನೆಗಳ ಜೊತೆಗೆ ಪ್ರೋಗ್ರಾಂ ಬರೆಯುವ ಪ್ರಶ್ನೆಗಳೂ ಇರುತ್ತವೆ. ಬರೆದ ಪ್ರೋಗ್ರಾಂ ಅನ್ನು ಮನುಷ್ಯರು ನೋಡುವುದಿಲ್ಲ, ಯಂತ್ರವೇ ಪರೀಕ್ಷಿಸುತ್ತದೆ. ಕೆಲವು ಮಾದರಿ ಲೆಕ್ಕಗಳನ್ನು ನಮಗೆ ತೋರಿಸುತ್ತಾರೆ. ಇನ್ನು ಕೆಲವನ್ನು ಗುಪ್ತವಾಗಿಟ್ಟು, ಕೊನೆಯ ದಿನ ಮುಗಿದ ಮೇಲೆ ಅವುಗಳಿಂದ ಅಂಕ ಹಾಕುತ್ತಾರೆ. ತೋರಿಸಿದ ಮಾದರಿಗೆ ಸರಿಯಾಗಿದ್ದ ಪ್ರೋಗ್ರಾಂ ಗುಪ್ತ ಲೆಕ್ಕದಲ್ಲಿ ತಪ್ಪುವುದು ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ.

ಪ್ರಶ್ನೆ ಇಷ್ಟೇ ಎಂದುಕೊಳ್ಳಿ: ಕೊಟ್ಟ ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹೇಳು. ಮಾದರಿಯಾಗಿ 4, 9, 2 ಎಂದು ಕೊಟ್ಟಿದ್ದಾರೆ, ಉತ್ತರ 9. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

```
big = 0
for n in numbers:
    if n > big:
        big = n
print(big)
```

ಮೊದಲು ದೊಡ್ಡದು ಸೊನ್ನೆ ಎಂದುಕೊಂಡು, ಅದಕ್ಕಿಂತ ದೊಡ್ಡದು ಸಿಕ್ಕಾಗಲೆಲ್ಲ ಬದಲಿಸುತ್ತಾ ಹೋಗುವುದು ಇದರ ಕ್ರಮ. 4, 9, 2ಕ್ಕೆ 9 ಎಂದು ಸರಿಯಾಗಿಯೇ ಬರುತ್ತದೆ. ಹುಡುಗಿ ಸಂತೋಷದಿಂದ ಸಲ್ಲಿಸುತ್ತಾಳೆ. ಗುಪ್ತ ಲೆಕ್ಕದಲ್ಲಿ -7, -3, -9 ಇದ್ದರೆ ಏನಾಗುತ್ತದೆ? ಇವುಗಳಲ್ಲಿ ಯಾವುದೂ ಸೊನ್ನೆಗಿಂತ ದೊಡ್ಡದಲ್ಲ. ಪ್ರೋಗ್ರಾಂ 0 ಎನ್ನುತ್ತದೆ. ಆ ಪಟ್ಟಿಯಲ್ಲಿ ಸೊನ್ನೆಯೇ ಇಲ್ಲ! ಸರಿ ಉತ್ತರ -3. ತಿದ್ದುವುದು ಸುಲಭ, ಮೊದಲ ಸಾಲನ್ನು ಹೀಗೆ ಬದಲಿಸಿದರೆ ಸಾಕು:

```
big = numbers[0]
```

ಪಟ್ಟಿಯ ಮೊದಲ ಸಂಖ್ಯೆಯನ್ನೇ ಸದ್ಯಕ್ಕೆ ದೊಡ್ಡದೆಂದು ಹಿಡಿದು ಮುಂದೆ ಹೋಲಿಸಬೇಕು ಎಂಬುದು ಇದರ ಅರ್ಥ. ಇದನ್ನು ಒಮ್ಮೆ ಎಡವಿ ಕಲಿತವಳು ಮುಂದೆ ಯಾವುದೇ ಲೆಕ್ಕ ಬರೆಯುವಾಗಲೂ, ಬೇರೆ ಬಗೆಯ ಸಂಖ್ಯೆ ಬಂದರೆ ಏನಾಗುತ್ತದೆ ಎಂದು ತಾನೇ ಕೇಳಿಕೊಳ್ಳುತ್ತಾಳೆ. ಕಂಪ್ಯೂಟರ್ ಕೆಲಸದಲ್ಲಿ ಸಂಬಳ ಕೊಡುವುದು ಈ ಅಭ್ಯಾಸಕ್ಕೆ. ಗುಪ್ತ ಲೆಕ್ಕಗಳಿರುವ ಅಸೈನ್‌ಮೆಂಟ್ ಒಳ್ಳೆಯದು ಎನ್ನಲು ಇದೇ ಕಾರಣ.

ಅಂಕ ಕಳೆದುಕೊಳ್ಳುವ ಇನ್ನೊಂದು ದಾರಿ ಇದಕ್ಕಿಂತ ಸಣ್ಣದು, ಆದರೆ ಬಹಳ ಮಂದಿ ಎಡವುವುದು ಅಲ್ಲಿಯೇ. ಪಾಠದಲ್ಲಿ ಕಲಿತಂತೆ input("Enter a number: ") ಎಂದು ಬರೆದರೆ ಆ ಇಂಗ್ಲಿಷ್ ವಾಕ್ಯವೂ ಉತ್ತರದ ಜೊತೆ ಮುದ್ರಣವಾಗುತ್ತದೆ. ಯಂತ್ರ ಬರೀ 9 ಬರಲೆಂದು ಕಾಯುತ್ತಿರುವಾಗ ಅದರ ಮುಂದೆ ಒಂದು ವಾಕ್ಯವೂ ಬಂದರೆ ತಪ್ಪು ಎಂದೇ ಹೇಳುತ್ತದೆ. ಅಸೈನ್‌ಮೆಂಟ್‌ನಲ್ಲಿ ಖಾಲಿ input() ಬರೆದು, ಕೇಳಿದಷ್ಟನ್ನು ಮಾತ್ರ ಮುದ್ರಿಸಬೇಕು.

ಉತ್ತರಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ ಎಂಬುದು ಗುಟ್ಟೇನಲ್ಲ. ಗೆಳತಿಯರ ವಾಟ್ಸಪ್ ಗುಂಪಿನಲ್ಲಿಯೂ ಬರುತ್ತವೆ. ನಕಲು ಮಾಡಿದರೆ ಅಸೈನ್‌ಮೆಂಟ್‌ನಲ್ಲಿ ನೂರಕ್ಕೆ ನೂರು ಬರಬಹುದು. ಆದರೂ ಅದು ದಡ ಸೇರಿಸುವುದಿಲ್ಲ. ಯಾಕೆಂದು ಅಂಕದ ಲೆಕ್ಕ ನೋಡಿದರೆ ತಿಳಿಯುತ್ತದೆ.

ಅಂಕದ ಲೆಕ್ಕ

ಒಟ್ಟು 100 ಅಂಕಗಳಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಹನ್ನೆರಡು ಅಸೈನ್‌ಮೆಂಟ್‌ಗಳಲ್ಲಿ ಅತ್ಯುತ್ತಮ ಎಂಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸರ್ಟಿಫಿಕೇಟ್ ಬೇಕೆಂದರೆ ಅಸೈನ್‌ಮೆಂಟ್‌ನ 25ರಲ್ಲಿ ಕನಿಷ್ಠ 10 ಬರಬೇಕು, ಪರೀಕ್ಷೆಯ 75ರಲ್ಲಿ ಕನಿಷ್ಠ 30 ಬರಬೇಕು. ಎರಡೂ ಬರಬೇಕು. ಒಂದರಲ್ಲಿ ಹೆಚ್ಚಾದದ್ದನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ.

ಒಬ್ಬಳು ಹನ್ನೆರಡರಲ್ಲಿ ಮೂರು ಅಸೈನ್‌ಮೆಂಟ್ ಬರೆಯಲಿಲ್ಲ ಎಂದುಕೊಳ್ಳೋಣ. ಉಳಿದ ಒಂಬತ್ತರಲ್ಲಿ ಅವಳ ಅಂಕಗಳು 90, 85, 85, 80, 80, 75, 70, 70, 65. ಕೊನೆಯ 65ನ್ನು ಬಿಟ್ಟು ಉತ್ತಮ ಎಂಟರ ಮೊತ್ತ 635, ಸರಾಸರಿ ಸುಮಾರು 79. ಇದರ ಕಾಲು ಭಾಗ ಸುಮಾರು 20. ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ 56 ಬಂತು, 75ಕ್ಕೆ ಇಳಿಸಿದರೆ 42. ಒಟ್ಟು 62. ಅವಳಿಗೆ 60ರಿಂದ 74ರವರೆಗಿನ 'ಎಲೀಟ್' ದರ್ಜೆಯ ಸರ್ಟಿಫಿಕೇಟ್ ಸಿಗುತ್ತದೆ. 75ರಿಂದ ಬೆಳ್ಳಿ, 90ರಿಂದ ಚಿನ್ನ ಎಂದು ಅದರ ಮೇಲಿನ ದರ್ಜೆಗಳು. 40ರಿಂದ 59ರವರೆಗೆ ಬಂದರೆ ಯಶಸ್ವಿಯಾಗಿ ಪೂರೈಸಿದ್ದಾರೆ ಎಂದಷ್ಟೇ ಇರುತ್ತದೆ.

ಈಗ ಅವಳ ಗೆಳತಿಯನ್ನು ನೋಡಿ. ಎಲ್ಲ ಅಸೈನ್‌ಮೆಂಟ್‌ಗಳನ್ನೂ ನಕಲು ಮಾಡಿ ಪೂರ್ತಿ 25 ಪಡೆದಳು. ಪರೀಕ್ಷಾ ಕೇಂದ್ರದಲ್ಲಿ ನಕಲಿಗೆ ದಾರಿ ಇರಲಿಲ್ಲ, ನೂರಕ್ಕೆ 38 ಬಂತು. 75ಕ್ಕೆ ಇಳಿಸಿದರೆ 28.5. ಒಟ್ಟು 53.5, ಐವತ್ತಕ್ಕಿಂತ ಹೆಚ್ಚು. ಆದರೂ ಅವಳಿಗೆ ಸರ್ಟಿಫಿಕೇಟ್ ಇಲ್ಲ, ಏಕೆಂದರೆ ಪರೀಕ್ಷೆಯಲ್ಲಿ 30 ಬರಲಿಲ್ಲ. ಸಾವಿರ ರೂಪಾಯಿ, ಪ್ರಯಾಣ, ಮೂರು ತಿಂಗಳು ಎಲ್ಲವೂ ಹೋಯಿತು.

ನಾಲ್ಕು ಅಸೈನ್‌ಮೆಂಟ್ ಬಿಟ್ಟರೂ ನಡೆಯುತ್ತದೆ ಎಂಬ ನಿಯಮ ನಮ್ಮ ಮನೆಗಳ ಹುಡುಗಿಯರಿಗೆ ದೊಡ್ಡ ನೆರವು. ಕೋರ್ಸ್‌ಗಳು ವರ್ಷಕ್ಕೆ ಎರಡು ಅವಧಿಗಳಲ್ಲಿ ನಡೆಯುತ್ತವೆ, ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ. 2023ರಿಂದ 2026ರವರೆಗೆ ರಮಝಾನ್ ತಿಂಗಳು ಜನವರಿ–ಏಪ್ರಿಲ್ ಅವಧಿಯ ನಡುವೆಯೇ ಬಂತು. ಸಹರಿ, ಇಫ್ತಾರ್, ತರಾವೀಹ್ ನಡುವೆ ಆರೇಳು ಗಂಟೆ ಸಿಗುವುದು ಕಷ್ಟ. ಕೊನೆಯ ದಿನಾಂಕ ಮುಗಿದ ಮೇಲೆ ಯಾವ ಕಾರಣ ಹೇಳಿದರೂ ಅಸೈನ್‌ಮೆಂಟ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬಿಡಬಹುದಾದ ನಾಲ್ಕನ್ನು ಆ ದಿನಗಳಿಗೆಂದು ಉಳಿಸಿಟ್ಟುಕೊಳ್ಳಬೇಕು. ಮೊದಲ ವಾರಗಳಲ್ಲಿಯೇ ಉದಾಸೀನ ಮಾಡಿ ಅವನ್ನು ಖರ್ಚು ಮಾಡಬಾರದು. ಅಸೈನ್‌ಮೆಂಟ್ ಬಿಟ್ಟ ವಾರದ ಪಾಠ ಮಾತ್ರ ಪರೀಕ್ಷೆಗೆ ಇದ್ದೇ ಇರುತ್ತದೆ, ಈದ್ ಆದ ಮೇಲೆ ಕುಳಿತು ನೋಡಲೇಬೇಕು. ಇದೆಲ್ಲ ಬೇಡವೆಂದರೆ ಜುಲೈ ಅವಧಿಯನ್ನು ಆರಿಸಿಕೊಳ್ಳಬಹುದು.

ಸರ್ಟಿಫಿಕೇಟ್‌ನಿಂದ ಕೆಲಸ ಸಿಗುತ್ತದೆಯೇ?

ತಾಯಿಯ ಮುಖ್ಯ ಪ್ರಶ್ನೆ ಇದು. ಇದಕ್ಕೆ ಒಂದೇ ಉತ್ತರವಿಲ್ಲ. ಸರ್ಟಿಫಿಕೇಟನ್ನು ಎಲ್ಲಿ ತೋರಿಸುತ್ತೀರಿ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಅತಿ ಗಟ್ಟಿಯಾದ ಪ್ರಯೋಜನ ಸಿಗುವುದು ಓದುತ್ತಿರುವಾಗಲೇ, ಕಾಲೇಜಿನಲ್ಲಿ. ಯುಜಿಸಿಯ 2021ರ ನಿಯಮಗಳಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಿ, ಅದರ ಕ್ರೆಡಿಟ್ ಅನ್ನು ಪದವಿಗೆ ಸೇರಿಸಿಕೊಳ್ಳಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 2016ರ ನಿಯಮದಲ್ಲಿ ಈ ಮಿತಿ ಶೇಕಡಾ 20 ಇತ್ತು. 12 ವಾರಗಳ ಎನ್‌ಪಿಟಿಇಎಲ್ ಕೋರ್ಸ್‌ಗೆ ಸಾಮಾನ್ಯವಾಗಿ 3 ಕ್ರೆಡಿಟ್. ಆದರೆ ಇದು ತಾನಾಗಿ ಆಗುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯ ಈ ಕೋರ್ಸನ್ನು ಒಪ್ಪಿಕೊಂಡಿರಬೇಕು. ಪದವಿಯ ಯಾವ ವಿಷಯಕ್ಕೆ ಬದಲಾಗಿ ಎಂದು ನಿರ್ಧಾರವಾಗಿರಬೇಕು. ಆದ್ದರಿಂದ ಕೋರ್ಸ್‌ಗೆ ಸೇರುವ ಮೊದಲೇ ಮಗಳು ಪ್ರಾಂಶುಪಾಲರಿಗೆ ಅರ್ಜಿ ಬರೆದು, ಈ ಕೋರ್ಸ್‌ನ ಕ್ರೆಡಿಟ್ ಸೇರಿಸುತ್ತೀರಾ ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಅನೇಕ ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಸ್ಥಳೀಯ ಘಟಕ ಇರುತ್ತದೆ, ಅದನ್ನು ನೋಡಿಕೊಳ್ಳುವ ಅಧ್ಯಾಪಕರೂ ಇರುತ್ತಾರೆ. ಮೊದಲು ಅವರನ್ನು ಕಾಣಬೇಕು. ಸರ್ಟಿಫಿಕೇಟ್ ಬಂದ ಮೇಲೆ ಹೋಗಿ ಕೇಳಿದರೆ, ಮೊದಲೇ ಕೇಳಬೇಕಿತ್ತು ಎಂಬ ಉತ್ತರ ಸಿಗುತ್ತದೆ. ಜಾಹೀರಾತಿನ ಖಾಸಗಿ ಕೋರ್ಸ್‌ನವರನ್ನೂ ಇದೇ ಪ್ರಶ್ನೆ ಕೇಳಿ: ನಿಮ್ಮ ಸರ್ಟಿಫಿಕೇಟ್‌ಗೆ ಯಾವ ವಿಶ್ವವಿದ್ಯಾಲಯ ಕ್ರೆಡಿಟ್ ಕೊಡುತ್ತದೆ?

ಇನ್ನು ಸರ್ಕಾರಿ ಕೆಲಸ. ಅಲ್ಲಿ ಅಧಿಸೂಚನೆಯಲ್ಲಿ ಬರೆದ ವಿದ್ಯಾರ್ಹತೆಯೇ ಬೇಕು. ಪದವಿ ಎಂದಿದ್ದರೆ ಪದವಿ, ಇಂಥ ಕಂಪ್ಯೂಟರ್ ಪ್ರಮಾಣಪತ್ರ ಎಂದಿದ್ದರೆ ಅದೇ. ಐಐಟಿಯ ಹೆಸರಿದೆ ಎಂದು ಈ ಸರ್ಟಿಫಿಕೇಟ್ ಅದರ ಜಾಗಕ್ಕೆ ಬರುವುದಿಲ್ಲ. ಇದು ಐಐಟಿಯ ಪದವಿಯಲ್ಲ, ಡಿಪ್ಲೊಮಾ ಕೂಡ ಅಲ್ಲ. ಒಂದು ಕೋರ್ಸ್ ಪಾಸಾದದ್ದಕ್ಕೆ ಮಾತ್ರ ಸಾಕ್ಷಿ.

ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಇದನ್ನು ತೋರಿಸಿದರೆ? ಅಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಇಂತಹ ಘಟಕಗಳಲ್ಲಿ ಪದವೀಧರೆಯರಿಗೆ ತೆರೆದಿರುವ ಕೆಲಸ ಗುಣಮಟ್ಟ ಪರೀಕ್ಷೆಯ ಲ್ಯಾಬ್, ಲೆಕ್ಕಪತ್ರ, ಸ್ಟೋರ್ಸ್, ಕಚೇರಿ ಇವುಗಳಲ್ಲಿ. ಲ್ಯಾಬ್‌ಗೆ ರಸಾಯನಶಾಸ್ತ್ರ ಓದಿರಬೇಕು. ಲೆಕ್ಕಪತ್ರಕ್ಕೆ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಗೊತ್ತಿರಬೇಕು. ಅಲ್ಲಿ ಪೈಥಾನ್ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಮನೆಯ ಹತ್ತಿರವೇ, ಇದೇ ವರ್ಷ, ಒಂದು ಕೆಲಸ ಬೇಕು ಎಂಬುದು ಉದ್ದೇಶವಾದರೆ ಮೂರು ತಿಂಗಳನ್ನು ಎಕ್ಸೆಲ್ ಮತ್ತು ಟ್ಯಾಲಿಗೆ ಕೊಡುವುದೇ ಮೇಲು. ಪೈಥಾನ್ ಉಚಿತವೆಂದು ಅದಕ್ಕೆ ಕೊಡಬೇಕಾಗಿಲ್ಲ.

ಮುಂದೆ ಎಂ.ಸಿ.ಎ. ಅಥವಾ ಡೇಟಾ ಸಂಬಂಧದ ಓದು, ಹೈದರಾಬಾದ್ ಅಥವಾ ಬೆಂಗಳೂರಿನ ಕಂಪನಿಗಳ ಕೆಲಸ ಮನಸ್ಸಿನಲ್ಲಿದ್ದರೆ ಮಾತು ಬೇರೆ. ಅಲ್ಲಿಯೂ ಸರ್ಟಿಫಿಕೇಟ್ ಬಯೋಡಾಟಾದಲ್ಲಿ ಒಂದು ಸಾಲು ಮಾತ್ರ. ಆದರೆ ಆ ಸಾಲಿಗೆ ಸ್ವಲ್ಪ ತೂಕವಿದೆ. ಪರೀಕ್ಷೆ ಮೇಲ್ವಿಚಾರಕರ ಎದುರು ನಡೆದಿದೆ. ಅಭ್ಯರ್ಥಿಯ ಭಾವಚಿತ್ರ ಮತ್ತು ಅಂಕಗಳು ಸರ್ಟಿಫಿಕೇಟ್ ಮೇಲೆಯೇ ಇರುತ್ತವೆ, ಅಸಲಿಯೇ ನಕಲಿಯೇ ಎಂದು ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ವಿಡಿಯೋ ಕೊನೆಯವರೆಗೆ ಓಡಿಸಿದರೆ ಸಾಕು, ಸರ್ಟಿಫಿಕೇಟ್ ಬಂದುಬಿಡುವ ಕೋರ್ಸ್‌ಗಳಿಗೆ ಈ ತೂಕ ಇಲ್ಲ. ಸಂದರ್ಶನದಲ್ಲಿ ಆ ಸಾಲನ್ನು ನೋಡಿ ಕೇಳುವ ಮೊದಲ ಪ್ರಶ್ನೆ, ನೀವು ಏನು ಬರೆದಿದ್ದೀರಿ ಎಂಬುದು. ಕೋರ್ಸ್‌ನ ಹುಟ್ಟುಹಬ್ಬದ ಒಗಟನ್ನೇ ಹೇಳಿದರೆ ಅವರು ಅದನ್ನು ನೂರು ಜನರಿಂದ ಕೇಳಿರುತ್ತಾರೆ. ಅಬ್ಬಾನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಯಾರ ಬಾಕಿ ಎಷ್ಟು, ಎಷ್ಟು ದಿನದಿಂದ ಇದೆ ಎಂದು ತೆಗೆದುಕೊಡುವ ಐವತ್ತು ಸಾಲಿನ ಪ್ರೋಗ್ರಾಂ ತಾನೇ ಬರೆದಿದ್ದರೆ, ಅದರಲ್ಲಿ ಎಲ್ಲಿ ತಪ್ಪಾಯಿತು, ಹೇಗೆ ತಿದ್ದಿದೆ ಎಂದು ಹತ್ತು ನಿಮಿಷ ಮಾತಾಡಬಹುದು. ಆ ಹತ್ತು ನಿಮಿಷವನ್ನು ಯಾವ ಸರ್ಟಿಫಿಕೇಟ್ ಕೂಡ ಕೊಡಲಾರದು.

ಹಾಗಾದರೆ ಏನು ಮಾಡಬೇಕು?

ಕೊಳಾರದ ಸಹೋದರಿಗೆ ನಮ್ಮ ಸಲಹೆ ಹೀಗಿದೆ. 18,000 ರೂಪಾಯಿ ಎಲ್ಲಿದೆಯೋ ಅಲ್ಲಿಯೇ ಇರಲಿ. 'ಉದ್ಯೋಗ ಗ್ಯಾರಂಟಿ' ಎಂದವರು ಯಾವ ಕಂಪನಿ, ಎಷ್ಟು ಸಂಬಳ, ಸಿಗದಿದ್ದರೆ ಹಣ ವಾಪಸೇ ಎಂಬ ಮೂರಕ್ಕೆ ಸಹಿ ಹಾಕಿದ ಕಾಗದ ಕೊಡುವವರೆಗೆ ಅದು ಬರೀ ಮಾತು. ಮಗಳು ಮೊದಲು ಕಾಲೇಜಿನಲ್ಲಿ ಕ್ರೆಡಿಟ್ ವಿಷಯ ಕೇಳಲಿ, ಲ್ಯಾಬ್ ಸಿಗುತ್ತದೆಯೇ ಎಂದು ವಿಚಾರಿಸಲಿ. ಮುಂದಿನ ಅವಧಿ ಆರಂಭವಾದಾಗ ಉಚಿತವಾಗಿ ಹೆಸರು ಕೊಡಲಿ. ಹೆಸರು ಬರೆಯುವಾಗ ಗುರುತಿನ ಚೀಟಿಯಲ್ಲಿರುವ ಅಕ್ಷರಗಳಂತೆಯೇ ಬರೆಯಲಿ. ನಮ್ಮಲ್ಲಿ ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಎಂದು 'ಬೇಗಂ', 'ಬಾನು', 'ಫಾತಿಮಾ'ಗಳ ಸ್ಪೆಲ್ಲಿಂಗ್ ಬದಲಾಗುವುದು ಹೊಸದೇನಲ್ಲ. ಸರ್ಟಿಫಿಕೇಟ್‌ನಲ್ಲಿ ಮೂರನೆಯದೊಂದು ಸೇರಿಕೊಂಡರೆ ಆಮೇಲೆ ಓಡಾಟ ತಪ್ಪದು.

ಮೂರನೇ ವಾರ ಮುಗಿದ ದಿನ ತಾಯಿಯೇ ಒಂದು ಪರೀಕ್ಷೆ ಮಾಡಬಹುದು. ಇದಕ್ಕೆ ಕಂಪ್ಯೂಟರ್ ತಿಳಿದಿರಬೇಕಾಗಿಲ್ಲ. ಮನೆಯ ಯಾವುದಾದರೂ ಲೆಕ್ಕ ಕೊಡಿ. ತಿಂಗಳ ಏಳು ಖರ್ಚುಗಳನ್ನು ಹೇಳಿ, ಅವನ್ನು ಕೂಡಿಸಿ ಅತಿ ದೊಡ್ಡದು ಯಾವುದೆಂದು ತೋರಿಸುವ ಪ್ರೋಗ್ರಾಂ ಬರೆ ಎನ್ನಿ. ವಿಡಿಯೋ ನೋಡದೆ, ಯಾರನ್ನೂ ಕೇಳದೆ, ಅರ್ಧ ಗಂಟೆಯಲ್ಲಿ ಎಡವುತ್ತಾ ತಿದ್ದುತ್ತಾ ಮಾಡಿ ತೋರಿಸಿದರೆ ಸಾವಿರ ರೂಪಾಯಿ ಕಟ್ಟಿ, ಪರೀಕ್ಷೆಗೆ ಕರೆದುಕೊಂಡು ಹೋಗುವವರಿಗೆ ರಜೆ ಹಾಕಲು ಹೇಳಿ. ಬರಲಿಲ್ಲವೆಂದರೆ ಗದರಿಸಬೇಡಿ, ಹಣವನ್ನೂ ಕಟ್ಟಬೇಡಿ. ಪಾಠಗಳು ಎಲ್ಲಿಗೂ ಹೋಗುವುದಿಲ್ಲ, ಈ ಅವಧಿಯಲ್ಲಿ ನಿಧಾನವಾಗಿ ನೋಡಿಕೊಂಡು ಮುಂದಿನ ಅವಧಿಯಲ್ಲಿ ಮತ್ತೆ ಹೆಸರು ಕೊಡಬಹುದು.